ನಕಲು ಪ್ರತಿಯ ತಕರಾರು

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಕಾಲ ಬಹಳ ಮಂದಿಗೆ ಸಿಗಲಿಲ್ಲ. ಕೇಬಲ್ ತುಂಡಾಗಿರಲಿಲ್ಲ, ಯಾರೂ ದಾಳಿ ಮಾಡಿರಲಿಲ್ಲ. ಅದರ ಒಂದು ಸೆಟ್ಟಿಂಗಿನ ಬೆಲೆಯನ್ನು ಯಾರೋ ಬದಲಿಸಿದ್ದರು, ಅಷ್ಟೆ. ಅಂದು ರಾತ್ರಿ ಕಂಪನಿಯೇ ಪ್ರಕಟಿಸಿದ ವಿವರಣೆಯನ್ನು ಕಂಪ್ಯೂಟರ್ ವ್ಯವಸ್ಥೆ ಕಟ್ಟುವವರು ಇಂದಿಗೂ ಓದುತ್ತಾರೆ. ಒಂದೊಂದಾಗಿ ನೋಡಿದರೆ ತಪ್ಪೇ ಕಾಣದ ನಿಯಮಗಳು ಒಟ್ಟುಗೂಡಿ ಒಂದು ಸೈಟನ್ನು ಹೇಗೆ ಮಲಗಿಸಬಲ್ಲವು ಎಂಬುದು ಅದರಲ್ಲಿದೆ.

ನಡೆದದ್ದು ಹೀಗೆ. ಸೆಟ್ಟಿಂಗಿನ ಮೂಲ ಪ್ರತಿ ಡೇಟಾಬೇಸಿನಲ್ಲಿ ಇರುತ್ತಿತ್ತು. ಪ್ರತಿ ಸಲ ಅಲ್ಲಿಗೆ ಹೋಗಿ ಕೇಳುವುದು ದುಬಾರಿಯಾದ್ದರಿಂದ ಅದರ ನಕಲು ಕ್ಯಾಶ್‌ನಲ್ಲಿ, ಅಂದರೆ ಬೇಗ ಕೈಗೆ ಸಿಗುವ ಮೆಮೊರಿಯಲ್ಲಿ ಇರುತ್ತಿತ್ತು. ನಕಲು ಕೆಟ್ಟಿದ್ದರೆ ಅದನ್ನು ಗುರುತಿಸಿ, ಮೂಲದಿಂದ ಹೊಸದನ್ನು ತಂದು ಸರಿಪಡಿಸುವ ಒಂದು ಸ್ವಯಂಚಾಲಿತ ಏರ್ಪಾಡೂ ಇತ್ತು. ಅಂದು ಬದಲಾದ ಬೆಲೆ ಈ ಏರ್ಪಾಡಿನ ಕಣ್ಣಿಗೆ ‘ಅಸಿಂಧು’ ಎಂದು ಕಂಡಿತು. ಈ ಸಲ ಕೆಟ್ಟದ್ದು ನಕಲಲ್ಲ, ಮೂಲವೇ. ಮೂಲದಿಂದ ತಂದ ಹೊಸ ನಕಲೂ ಅಸಿಂಧುವೇ ಆಗಿತ್ತು. ಅದನ್ನು ನೋಡಿದ ಪ್ರತಿಯೊಂದು ಸರ್ವರೂ ಸರಿಪಡಿಸಲು ಡೇಟಾಬೇಸಿಗೆ ಓಡಿತು. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು ಬಂದು ಬಿದ್ದಾಗ ಡೇಟಾಬೇಸ್ ಉತ್ತರ ಕೊಡಲಾಗದೆ ದೋಷದ ಸಂದೇಶ ಕಳಿಸತೊಡಗಿತು. ಸರ್ವರುಗಳು ಆ ದೋಷವನ್ನೂ ‘ಬೆಲೆ ಅಸಿಂಧು’ ಎಂದೇ ಓದಿಕೊಂಡು ಕ್ಯಾಶ್‌ನಲ್ಲಿದ್ದ ನಕಲನ್ನು ಅಳಿಸಿಹಾಕಿದವು. ನಕಲು ಹೋದ ಮೇಲೆ ಮತ್ತೆ ಡೇಟಾಬೇಸಿಗೇ ಹೋಗಬೇಕು. ಹೀಗಾಗಿ ಮೊದಲಿನ ತಪ್ಪನ್ನು ತಿದ್ದಿದ ಮೇಲೂ ಪ್ರಶ್ನೆಗಳ ಪ್ರವಾಹ ನಿಲ್ಲಲಿಲ್ಲ. ಕೊನೆಗೆ ಆ ಡೇಟಾಬೇಸುಗಳಿಗೆ ಹೋಗುವ ದಾರಿಯನ್ನೇ ಮುಚ್ಚಬೇಕಾಯಿತು, ಅಂದರೆ ಸೈಟನ್ನೇ ನಿಲ್ಲಿಸಬೇಕಾಯಿತು. ಅವು ಸುಧಾರಿಸಿಕೊಂಡ ಮೇಲೆ ಜನರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟರು.

‘ಅನುಮಾನ ಬಂದರೆ ನಕಲನ್ನು ಎಸೆ, ಮೂಲವನ್ನು ಕೇಳು’ ಎಂಬ ನಿಯಮ ಮೇಲ್ನೋಟಕ್ಕೆ ಎಷ್ಟು ವಿವೇಕದ್ದಾಗಿ ಕಾಣುತ್ತದೆ! ಅದು ಹೇಗೆ ತಿರುಗಿಬಿತ್ತು ಎನ್ನುವುದು ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಸೆಕೆಂಡಿಗೆ ಒಂದು ಲಕ್ಷ ಓದುಗಳು ಬರುತ್ತಿವೆ, ನೂರಕ್ಕೆ 99ಕ್ಕೆ ಕ್ಯಾಶ್‌ನಿಂದಲೇ ಉತ್ತರ ಸಿಗುತ್ತಿದೆ ಎಂದುಕೊಳ್ಳಿ. ಡೇಟಾಬೇಸಿಗೆ ಮುಟ್ಟುವುದು ಒಂದು ಸಾವಿರ ಮಾತ್ರ. ಈ ‘ಹಿಟ್’ ಪ್ರಮಾಣ 99ರಿಂದ 98ಕ್ಕೆ ಇಳಿದರೆ ಬಳಕೆದಾರನಿಗೆ ಏನೂ ಗೊತ್ತಾಗುವುದಿಲ್ಲ. ಡೇಟಾಬೇಸಿನ ಮೇಲೆ ಬೀಳುವ ಹೊರೆ ಮಾತ್ರ ಎರಡು ಪಟ್ಟಾಗುತ್ತದೆ. 90ಕ್ಕೆ ಇಳಿದರೆ ಹತ್ತು ಪಟ್ಟು. ಒಂದು ಸಾವಿರಕ್ಕೆ ಅಳತೆ ಮಾಡಿ ಕೊಂಡುತಂದ ಯಂತ್ರ ಹತ್ತು ಸಾವಿರವನ್ನು ತಾಳುವುದಿಲ್ಲ. ವೇಗಕ್ಕೆಂದು ತಂದಿಟ್ಟ ಕ್ಯಾಶ್ ಕೆಲವೇ ತಿಂಗಳಲ್ಲಿ ಮನೆಯ ಕಂಬವಾಗಿಬಿಡುತ್ತದೆ. ಅದು ಕಂಬವಾಯಿತೆಂದು ಗೊತ್ತಾಗುವುದು ತೆಗೆದ ದಿನವೇ.

ಲೈವ್‌ಜರ್ನಲ್ ಎಂಬ ಬ್ಲಾಗ್ ಸೈಟಿಗಾಗಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಬರೆದ ಮೆಮ್‌ಕ್ಯಾಶ್‌ಡ್ ಎಂಬ ಪುಟ್ಟ ತಂತ್ರಾಂಶವನ್ನೇ ಫೇಸ್‌ಬುಕ್ ತನ್ನ ಅಳತೆಗೆ ಹಿಗ್ಗಿಸಿಕೊಂಡಿತು. ಅದರ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಜನಪ್ರಿಯ ಪುಟವೊಂದನ್ನು ತೋರಿಸಬೇಕಾದರೆ ಸರಾಸರಿ 521 ಬೇರೆ ಬೇರೆ ಅಂಶಗಳನ್ನು ಕ್ಯಾಶ್‌ನಿಂದ ತರಬೇಕಾಗುತ್ತಿತ್ತು. ಅಷ್ಟನ್ನೂ ಡೇಟಾಬೇಸಿನಿಂದ ತರುವ ಮಾತೇ ಇಲ್ಲ. ಓದುವ ಮಟ್ಟಿಗೆ ಇದು ಸರಳ. ತೊಡಕು ಶುರುವಾಗುವುದು ಯಾರಾದರೂ ಏನಾದರೂ ಬರೆದಾಗ.

ಬರೆದದ್ದು ಎಲ್ಲಿಗೆ ಹೋಗಬೇಕು?

ಕ್ಯಾಶ್‌ನಲ್ಲಿ ಒಂದು ಪ್ರತಿ, ಮೂಲದಲ್ಲಿ ಒಂದು ಪ್ರತಿ. ಬೆಲೆ ಬದಲಾದಾಗ ಎರಡನ್ನೂ ಆಗಲೇ ಬದಲಿಸಿ, ಎರಡೂ ಮುಗಿದ ಮೇಲಷ್ಟೇ ‘ಆಯಿತು’ ಎನ್ನುವ ಪದ್ಧತಿ ರೈಟ್ ಥ್ರೂ. ಕ್ಯಾಶ್‌ನಲ್ಲಿ ಮಾತ್ರ ಬದಲಿಸಿ ‘ಆಯಿತು’ ಎಂದುಬಿಟ್ಟು, ಮೂಲವನ್ನು ಬಿಡುವಾದಾಗ ತಿದ್ದುವುದು ರೈಟ್ ಬ್ಯಾಕ್. ಅಂಗಡಿಯಾತ ಪ್ರತಿ ಸಾಲವನ್ನೂ ಕೊಟ್ಟ ಕ್ಷಣವೇ ಖಾತೆ ಪುಸ್ತಕಕ್ಕೆ ಏರಿಸುವುದಕ್ಕೂ, ದಿನವಿಡೀ ಚೀಟಿಯಲ್ಲಿ ಗೀಚಿಕೊಂಡು ರಾತ್ರಿ ಬಾಗಿಲು ಹಾಕುವಾಗ ಏರಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ. ಚೀಟಿಯವನ ಕೈ ಚುರುಕು, ಸಾಲು ಬೇಗ ಕರಗುತ್ತದೆ. ಚೀಟಿ ಕಳೆದರೆ ಮಾತ್ರ ಆ ದಿನದ ಸಾಲ ಯಾರದೆಂದು ಯಾರಿಗೂ ಗೊತ್ತಿಲ್ಲ.

ಮೊದಲನೆಯದು ಹಳೆಯ ವಿದ್ಯೆ. ಐಬಿಎಂ 1968ರಲ್ಲಿ ಘೋಷಿಸಿದ ಸಿಸ್ಟಂ/360 ಮಾಡೆಲ್ 85ರಲ್ಲಿ ಕ್ಯಾಶ್ ಇದ್ದದ್ದು 16 ಕಿಲೋಬೈಟ್ (32ರವರೆಗೆ ಹೆಚ್ಚಿಸಬಹುದಿತ್ತು). ಬರೆದದ್ದೆಲ್ಲ ನೇರ ಮುಖ್ಯ ಮೆಮೊರಿಗೇ ಹೋಗುತ್ತಿತ್ತು. ಮೂಲ ಯಾವತ್ತೂ ಸರಿಯಾಗಿರುತ್ತದೆ, ಕ್ಯಾಶ್ ಕೈಕೊಟ್ಟರೂ ಏನೂ ಕಳೆಯುವುದಿಲ್ಲ ಎಂಬ ನೆಮ್ಮದಿ ಇದರಲ್ಲಿದೆ. ಅದಕ್ಕೆ ತೆರುವ ಬೆಲೆ, ಪ್ರತಿ ಬರಹವೂ ಎರಡರಲ್ಲಿ ನಿಧಾನದ್ದರ ವೇಗದಲ್ಲೇ ನಡೆಯುತ್ತದೆ. ಓದು ಹೆಚ್ಚು, ಬರಹ ಕಡಿಮೆ ಇರುವಲ್ಲಿ ಇದು ಒಳ್ಳೆಯ ವ್ಯಾಪಾರ. ಫೇಸ್‌ಬುಕ್ ಗೆಳೆತನ, ಲೈಕು, ಕಮೆಂಟುಗಳ ಜಾಲಕ್ಕಾಗಿಯೇ ಕಟ್ಟಿದ ಟಾವೊ ಎಂಬ ಕ್ಯಾಶ್ ಕೂಡ ರೈಟ್ ಥ್ರೂ ಜಾತಿಯದೇ. ಅಲ್ಲಿ ಒಂದು ಅಂಶಕ್ಕೆ ಬರುವ ಬರಹಗಳೆಲ್ಲ ‘ಲೀಡರ್’ ಎನ್ನುವ ಒಂದೇ ಕ್ಯಾಶ್ ಸರ್ವರಿನ ಮೂಲಕ ಸಾಲಾಗಿ ಹೋಗುತ್ತವೆ. ಈ ಒಂದೇ ಬಾಗಿಲು ಎಷ್ಟು ಮುಖ್ಯ ಎಂಬುದು ಸ್ವಲ್ಪ ಹೊತ್ತಿಗೆ ತಿಳಿಯುತ್ತದೆ.

ರೈಟ್ ಬ್ಯಾಕ್‌ನ ಲಾಭ ಬರೀ ಚುರುಕುತನವಲ್ಲ, ಬರಹಗಳನ್ನು ಒಟ್ಟುಗೂಡಿಸುವುದು. ಒಂದು ವಿಡಿಯೋದ ವೀಕ್ಷಣೆಯ ಎಣಿಕೆ ಸೆಕೆಂಡಿಗೆ 500 ಸಲ ಏರುತ್ತಿದ್ದರೆ ರೈಟ್ ಥ್ರೂನಲ್ಲಿ ಡೇಟಾಬೇಸಿನ ಒಂದೇ ಸಾಲನ್ನು ಸೆಕೆಂಡಿಗೆ 500 ಸಲ ತಿದ್ದಬೇಕು. ರೈಟ್ ಬ್ಯಾಕ್‌ನಲ್ಲಿ ಐದು ಸೆಕೆಂಡಿಗೊಮ್ಮೆ ತಿದ್ದಿದರೆ 2,500 ಬರಹಗಳ ಜಾಗದಲ್ಲಿ ಒಂದೇ ಬರಹ. ನಡುವೆ ಯಂತ್ರ ಸತ್ತರೆ ಹೆಚ್ಚೆಂದರೆ ಐದು ಸೆಕೆಂಡಿನ ಎಣಿಕೆ ಹೋಗುತ್ತದೆ, ಯಾರೂ ಅಳುವುದಿಲ್ಲ. ಅದೇ ಸಂಖ್ಯೆ ಬ್ಯಾಂಕಿನ ಶಿಲ್ಕಾಗಿದ್ದರೆ ಕಥೆ ಬೇರೆ. ಎಷ್ಟು ಸೆಕೆಂಡಿನ ಬರಹವನ್ನು ಕಳೆದುಕೊಂಡರೆ ನಡೆಯುತ್ತದೆ ಎಂದು ಮೊದಲೇ ಹೇಳಲಾಗದವರು ರೈಟ್ ಬ್ಯಾಕ್ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಮಾಷೆಯೆಂದರೆ, ನಾವೆಲ್ಲ ಗೊತ್ತಿಲ್ಲದೆಯೇ ಅದನ್ನು ದಿನವೂ ಮುಟ್ಟುತ್ತಿದ್ದೇವೆ. ಲಿನಕ್ಸ್‌ನಲ್ಲಿ ಒಂದು ಫೈಲಿಗೆ ಬರೆದಾಗ ಅದು ಡಿಸ್ಕಿಗೆ ಹೋಗುವುದಿಲ್ಲ. ಮೆಮೊರಿಯಲ್ಲಿ ‘ಡರ್ಟಿ ಪೇಜ್’ ಆಗಿ ಕುಳಿತಿರುತ್ತದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ಐದು ಸೆಕೆಂಡಿಗೊಮ್ಮೆ ಏಳುವ ಒಂದು ಕೆಲಸಗಾರ, ಮೂವತ್ತು ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಾನೆ. ಅಷ್ಟರಲ್ಲಿ ಕರೆಂಟು ಹೋದರೆ ಬರೆದದ್ದು ಹೋಯಿತು. ತಡೆಯಲಾರದವರು `fsync` ಎಂಬ ಕರೆಯಿಂದ ‘ಈಗಲೇ ಡಿಸ್ಕಿಗೆ ಹಾಕು, ಹಾಕಿದ ಮೇಲೆ ಹೇಳು’ ಎನ್ನಬಹುದು. ಡೇಟಾಬೇಸುಗಳು ಬದುಕಿರುವುದೇ ಈ ಕರೆಯ ಭರವಸೆಯ ಮೇಲೆ.

ಆ ಭರವಸೆಯಲ್ಲೂ ಒಂದು ತೂತು ಇತ್ತೆಂದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ತಂಡಕ್ಕೆ ಸ್ಪಷ್ಟವಾದದ್ದು 2018ರಲ್ಲಿ. `fsync` ವಿಫಲವಾದರೆ ಪೋಸ್ಟ್‌ಗ್ರೆಸ್ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕರೆಯುತ್ತಿತ್ತು. ಎರಡನೇ ಸಲ ‘ಸರಿಯಾಯಿತು’ ಎಂಬ ಉತ್ತರ ಬಂದರೆ ದತ್ತಾಂಶ ಡಿಸ್ಕಿನಲ್ಲಿ ಕೂತಿತೆಂದು ನಂಬುತ್ತಿತ್ತು. ಲಿನಕ್ಸ್ ನಿಜವಾಗಿ ಮಾಡುತ್ತಿದ್ದುದೇ ಬೇರೆ. ಡಿಸ್ಕಿಗೆ ಬರೆಯಲಾಗದೆ ಹೋದಾಗ ಒಮ್ಮೆ ದೋಷ ತಿಳಿಸಿ, ಬಳಿಕ ಆ ಪುಟದ ಮೇಲಿದ್ದ ‘ಡರ್ಟಿ’ ಗುರುತನ್ನು ಒರೆಸಿಬಿಡುತ್ತಿತ್ತು. ಎರಡನೇ ಕರೆ ಬಂದಾಗ ಬರೆಯಲು ಏನೂ ಬಾಕಿಯಿಲ್ಲ, ಹಾಗಾಗಿ ‘ಸರಿ’. ದತ್ತಾಂಶ ಮಾತ್ರ ಎಲ್ಲೂ ಇಲ್ಲ. 2019ರ ಫೆಬ್ರುವರಿಯಲ್ಲಿ ಬಂದ ತಿದ್ದುಪಡಿಯ ನಂತರ ಪೋಸ್ಟ್‌ಗ್ರೆಸ್ ಮತ್ತೆ ಯತ್ನಿಸುವ ಗೋಜಿಗೇ ಹೋಗುವುದಿಲ್ಲ. `fsync` ಒಮ್ಮೆ ಸೋತರೆ ತಾನೇ ಕುಸಿದು ಬೀಳುತ್ತದೆ, ಮತ್ತೆ ಎದ್ದು ತನ್ನ ದಿನಚರಿ ಲಾಗ್‌ನಿಂದ ಎಲ್ಲವನ್ನೂ ಮರುಕಟ್ಟಿಕೊಳ್ಳುತ್ತದೆ. ರೈಟ್ ಬ್ಯಾಕ್‌ನಲ್ಲಿ ಅಪಾಯ ಬರೀ ಕರೆಂಟು ಹೋಗುವುದರಲ್ಲಿಲ್ಲ. ‘ಆಯಿತು’ ಎಂದು ಮೊದಲೇ ಹೇಳಿಬಿಟ್ಟ ಮೇಲೆ, ಆಗಲಿಲ್ಲ ಎಂಬ ಸುದ್ದಿಯನ್ನು ಯಾರಿಗೆ ತಲುಪಿಸುವುದು? ಬರೆದವನು ಆಗಲೇ ಎದ್ದು ಹೋಗಿರುತ್ತಾನೆ.

ಅಳಿಸಿದ ಮೇಲೂ ಮರಳಿ ಬರುವ ಹಳೆಯದು

ಜಾಲತಾಣಗಳಲ್ಲಿ ಅತಿ ಹೆಚ್ಚು ಕಾಣುವುದು ಇವೆರಡೂ ಅಲ್ಲ. ಕ್ಯಾಶ್ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತದೆ, ಅದಕ್ಕೆ ಡೇಟಾಬೇಸಿನ ಪರಿಚಯವೇ ಇಲ್ಲ. ಎರಡರ ನಡುವೆ ಓಡಾಡುವ ಕೆಲಸವೆಲ್ಲ ವೆಬ್ ಸರ್ವರಿನದು. ಓದುವಾಗ ಅದು ಮಾಡುವುದು ಇಷ್ಟು:

```
v = cache.get(key)
if v is None:
    v = db.read(key)
    cache.set(key, v, ttl=600)
```

ಬರೆಯುವಾಗ ಮೊದಲು ಡೇಟಾಬೇಸನ್ನು ತಿದ್ದಿ, ಆಮೇಲೆ ಕ್ಯಾಶ್‌ನಲ್ಲಿರುವ ನಕಲನ್ನು ಅಳಿಸಿಬಿಡುತ್ತದೆ. ಮುಂದೆ ಯಾರಾದರೂ ಓದಲು ಬಂದಾಗ ಹೊಸದು ತಾನಾಗಿ ತುಂಬಿಕೊಳ್ಳುತ್ತದೆ. ಅಳಿಸುವುದೇಕೆ, ಅಲ್ಲೇ ಹೊಸ ಬೆಲೆ ಇಡಬಾರದೇ ಎಂದು ಕೇಳಬಹುದು. ಇಬ್ಬರು ಒಟ್ಟಿಗೆ ಬರೆದಾಗ ಅದರ ಉತ್ತರ ಸಿಗುತ್ತದೆ. ಒಬ್ಬನ ಬರಹ ಡೇಟಾಬೇಸಿಗೆ ಮೊದಲು, ಇನ್ನೊಬ್ಬನದು ಆಮೇಲೆ ತಲುಪಿತು. ಕ್ಯಾಶ್‌ಗೆ ಹೋಗುವ ದಾರಿಯಲ್ಲಿ ಎರಡನೆಯವನು ಮುಂದಾದ. ಡೇಟಾಬೇಸಿನಲ್ಲಿ ಎರಡನೆಯವನ ಬೆಲೆ, ಕ್ಯಾಶ್‌ನಲ್ಲಿ ಮೊದಲನೆಯವನದು. ಟಾವೊದಲ್ಲಿದ್ದ ಒಂದೇ ಬಾಗಿಲು ಇಲ್ಲಿಲ್ಲ. ಅಳಿಸುವುದಾದರೆ ಯಾರು ಮೊದಲು ಅಳಿಸಿದರೇನು, ಎಷ್ಟು ಸಲ ಅಳಿಸಿದರೇನು, ಫಲ ಒಂದೇ.

ಆದರೂ ಅಳಿಸುವುದರಿಂದ ಎಲ್ಲ ಸರಿಹೋಗುವುದಿಲ್ಲ. ಒಬ್ಬ ಬಳಕೆದಾರ ತನ್ನ ಪ್ರೊಫೈಲಿನಲ್ಲಿ ಊರನ್ನು ಮೈಸೂರಿನಿಂದ ಧಾರವಾಡಕ್ಕೆ ಬದಲಿಸುತ್ತಿದ್ದಾನೆ ಎಂದುಕೊಳ್ಳೋಣ. ಆ ಹೊತ್ತಿಗೆ ಅವನ ಮಾಹಿತಿ ಕ್ಯಾಶ್‌ನಲ್ಲಿಲ್ಲ. ಅವನ ಪುಟವನ್ನು ಯಾರೋ ಗೆಳೆಯ ತೆರೆಯುತ್ತಾನೆ. ಒಂದನೇ ಸರ್ವರ್ ಕ್ಯಾಶ್‌ನಲ್ಲಿ ಹುಡುಕಿ, ಸಿಗದೆ, ಡೇಟಾಬೇಸಿಗೆ ಹೋಗಿ ‘ಮೈಸೂರು’ ಎಂದು ಓದಿಕೊಳ್ಳುತ್ತದೆ. ಅಲ್ಲೇ ಅದಕ್ಕೊಂದು ಸಣ್ಣ ತಡೆ: ನೆಟ್‌ವರ್ಕ್ ತಡವರಿಸಿತೋ, ಮೆಮೊರಿ ಗುಡಿಸುವ ಕೆಲಸ ಮಧ್ಯೆ ಬಂತೋ, 40 ಮಿಲಿಸೆಕೆಂಡು ನಿಂತುಬಿಟ್ಟಿತು. ಹತ್ತನೇ ಮಿಲಿಸೆಕೆಂಡಿನಲ್ಲಿ ಎರಡನೇ ಸರ್ವರ್ ಡೇಟಾಬೇಸಿನಲ್ಲಿ ‘ಧಾರವಾಡ’ ಬರೆಯಿತು. ಹನ್ನೆರಡನೆಯದರಲ್ಲಿ ಕ್ಯಾಶ್‌ನಲ್ಲಿರಬಹುದಾದ ನಕಲನ್ನು ಅಳಿಸಿತು. ಅಲ್ಲಿ ಅಳಿಸಲು ಏನೂ ಇರಲಿಲ್ಲ, ಅದರ ಕೆಲಸ ಮುಗಿಯಿತು. ನಲವತ್ತನೆಯದರಲ್ಲಿ ಒಂದನೇ ಸರ್ವರ್ ಎಚ್ಚೆತ್ತು, ಕೈಯಲ್ಲಿದ್ದ ‘ಮೈಸೂರು’ ಎಂಬುದನ್ನು ಕ್ಯಾಶ್‌ಗೆ ತುಂಬಿತು.

ಇನ್ನು ಅದನ್ನು ಅಳಿಸಲು ಯಾರೂ ಬರುವುದಿಲ್ಲ. ಮೇಲಿನ ಕೋಡಿನಲ್ಲಿ 600 ಸೆಕೆಂಡಿನ ಆಯುಸ್ಸು ಇರುವುದರಿಂದ ಹತ್ತು ನಿಮಿಷಕ್ಕೆ ಅದು ಸಾಯುತ್ತದೆ. ಆಯುಸ್ಸು ಕೊಡದಿದ್ದರೆ ಇನ್ನೊಮ್ಮೆ ಊರು ಬದಲಿಸುವವರೆಗೂ ಅವನು ಮೈಸೂರಿನವನೇ. ದೂರು ಬಂದಾಗ ಎಂಜಿನಿಯರ್ ಡೇಟಾಬೇಸ್ ನೋಡುತ್ತಾನೆ, ಸರಿಯಾಗಿದೆ. ಕೋಡ್ ನೋಡುತ್ತಾನೆ, ಅಳಿಸುವ ಸಾಲು ಇದೆ. ಲಾಗ್ ನೋಡುತ್ತಾನೆ, ಅಳಿಸಿದ್ದೂ ಇದೆ. ಕೈಯಿಂದ ಆ ನಕಲನ್ನು ಅಳಿಸುತ್ತಾನೆ, ಎಲ್ಲ ಸರಿಹೋಗುತ್ತದೆ, ಮತ್ತೆ ಮಾಡಿ ನೋಡಿದರೆ ತೊಂದರೆ ಬರುವುದಿಲ್ಲ. ‘ಯಾವುದೋ ಸಣ್ಣ ಗ್ಲಿಚ್’ ಎಂದು ಮುಚ್ಚಿಹೋಗುವ ದೂರುಗಳಲ್ಲಿ ಎಷ್ಟೋ ಇದೇ ಜಾತಿಯವು. ಡೇಟಾಬೇಸಿನಲ್ಲಿ ಸರಿ, ಪರದೆಯಲ್ಲಿ ತಪ್ಪು, ಅಳಿಸಿದರೆ ವಾಸಿ: ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ಮೊದಲು ಎರಡು ಸರ್ವರುಗಳ ನಡುವಿನ ಈ ಓಟದ ಮೇಲೆ ಅನುಮಾನ ಪಡಬೇಕು. (ಮೊದಲು ಕ್ಯಾಶ್ ಅಳಿಸಿ ಆಮೇಲೆ ಡೇಟಾಬೇಸಿಗೆ ಬರೆಯುವವರಿಗೆ, ಅಥವಾ ವಹಿವಾಟು ಕಮಿಟ್ ಆಗುವ ಮುಂಚೆಯೇ ಅಳಿಸುವವರಿಗೆ ಇಷ್ಟು ದುರದೃಷ್ಟವೂ ಬೇಕಾಗಿಲ್ಲ. ಅವರಲ್ಲಿ ಇದು ದಿನನಿತ್ಯ ನಡೆಯುತ್ತದೆ.)

ಫೇಸ್‌ಬುಕ್ ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ‘ಲೀಸ್’. ಕ್ಯಾಶ್‌ನಲ್ಲಿ ಹುಡುಕಿದ್ದು ಸಿಗದಿದ್ದಾಗ ಕ್ಯಾಶ್ ಬರಿಗೈಯಲ್ಲಿ ಕಳಿಸುವುದಿಲ್ಲ, 64 ಬಿಟ್‌ಗಳ ಒಂದು ಟೋಕನ್ ಕೊಡುತ್ತದೆ. ಮರಳಿ ತುಂಬಲು ಬರುವಾಗ ಆ ಟೋಕನ್ ತೋರಿಸಬೇಕು. ನಡುವೆ ಯಾರಾದರೂ ಆ ಅಂಶವನ್ನು ಅಳಿಸಿದ್ದರೆ ಟೋಕನ್ ರದ್ದಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಹನ್ನೆರಡನೇ ಮಿಲಿಸೆಕೆಂಡಿನ ಅಳಿಸುವಿಕೆ ಈಗ ವ್ಯರ್ಥವಲ್ಲ. ಅಳಿಸಲು ನಕಲು ಇಲ್ಲದಿದ್ದರೂ ಅದು ಒಂದನೇ ಸರ್ವರಿನ ಟೋಕನ್ನನ್ನು ಕೊಂದಿರುತ್ತದೆ. ನಲವತ್ತನೆಯದರಲ್ಲಿ ತಂದ ‘ಮೈಸೂರು’ ಬಾಗಿಲಲ್ಲೇ ತಿರಸ್ಕೃತ.

ಇದೇ ಟೋಕನ್ ಇನ್ನೊಂದು ರೋಗಕ್ಕೂ ಮದ್ದಾಯಿತು. ಎಲ್ಲರೂ ನೋಡುವ ಒಂದು ಅಂಶವನ್ನು ಅಳಿಸಿದ ಕ್ಷಣ ನೂರಾರು ಸರ್ವರುಗಳು ಒಟ್ಟಿಗೆ ಡೇಟಾಬೇಸಿಗೆ ನುಗ್ಗುತ್ತವೆ. ಹತ್ತು ಸೆಕೆಂಡಿಗೆ ಒಂದು ಅಂಶಕ್ಕೆ ಒಂದೇ ಟೋಕನ್ ಎಂಬ ಮಿತಿ ಹಾಕಿದರು. ಮೊದಲು ಬಂದವನು ಡೇಟಾಬೇಸಿಗೆ ಹೋಗುತ್ತಾನೆ, ಉಳಿದವರಿಗೆ ‘ಸ್ವಲ್ಪ ತಾಳಿ’ ಎಂಬ ಉತ್ತರ. ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡಿನಲ್ಲಿ ನಕಲು ತುಂಬಿರುತ್ತದೆ, ತಾಳಿದವರು ಅಲ್ಲಿಂದಲೇ ಓದುತ್ತಾರೆ. ಇಂಥ ನುಗ್ಗಾಟಕ್ಕೆ ಹೆಚ್ಚು ಗುರಿಯಾಗುವ ಅಂಶಗಳನ್ನು ಆರಿಸಿ ಅಳೆದಾಗ, ಡೇಟಾಬೇಸಿಗೆ ಬೀಳುವ ಗರಿಷ್ಠ ಪ್ರಶ್ನೆಗಳು ಸೆಕೆಂಡಿಗೆ 17,000ದಿಂದ 1,300ಕ್ಕೆ ಇಳಿದವು ಎಂದು ಪ್ರಬಂಧ ಹೇಳುತ್ತದೆ. ಇಷ್ಟು ಅಚ್ಚುಕಟ್ಟು ಏರ್ಪಾಡು ಇಲ್ಲದವರೂ ಆಯುಸ್ಸನ್ನು ಎಲ್ಲದಕ್ಕೂ ಸರಿಯಾಗಿ 600 ಎಂದು ಕೊಡದೆ 540ರಿಂದ 660ರ ನಡುವೆ ಅಲ್ಲಲ್ಲಿ ಚದುರಿಸಬಹುದು. ಒಂದೇ ಗಳಿಗೆಯಲ್ಲಿ ತುಂಬಿದ ನಕಲುಗಳು ಒಂದೇ ಗಳಿಗೆಯಲ್ಲಿ ಸಾಯದಂತೆ ನೋಡಿಕೊಂಡರೆ ಅರ್ಧ ನುಗ್ಗಾಟ ತಪ್ಪುತ್ತದೆ.

ಮೂಲವೂ ಒಂದೇ ಕಡೆ ಇಲ್ಲದಿದ್ದರೆ ತೊಡಕು ಮತ್ತಷ್ಟು. ಫೇಸ್‌ಬುಕ್ ಕ್ಯಾಲಿಫೋರ್ನಿಯಾದ ಜತೆಗೆ ಅಮೆರಿಕದ ಇನ್ನೊಂದು ಕರಾವಳಿಯ ವರ್ಜೀನಿಯಾದಲ್ಲೂ ಕೇಂದ್ರ ತೆರೆದಾಗ, ಬರೆಯುವ ಡೇಟಾಬೇಸ್ ಕ್ಯಾಲಿಫೋರ್ನಿಯಾದಲ್ಲೇ ಉಳಿಯಿತು. ವರ್ಜೀನಿಯಾದ್ದು ಅದನ್ನು ಹಿಂಬಾಲಿಸುವ ಪ್ರತಿ, ಯಾವಾಗಲೂ ಸ್ವಲ್ಪ ಹಿಂದೆ. ಕ್ಯಾಲಿಫೋರ್ನಿಯಾದಿಂದ ‘ನಕಲು ಅಳಿಸು’ ಎಂಬ ಸಂದೇಶ ಬದಲಾದ ದತ್ತಾಂಶಕ್ಕಿಂತ ಮೊದಲೇ ವರ್ಜೀನಿಯಾ ತಲುಪಿದರೆ ಅಲ್ಲಿನ ಸರ್ವರ್ ನಕಲನ್ನು ಅಳಿಸಿ, ಇನ್ನೂ ಹಳೆಯದಾಗಿರುವ ತನ್ನ ಡೇಟಾಬೇಸಿನಿಂದ ಹಳೆಯದನ್ನೇ ಮತ್ತೆ ತುಂಬಿಕೊಳ್ಳುತ್ತದೆ. ಅವರು ಅಳಿಸುವ ಆಜ್ಞೆಯನ್ನು ಡೇಟಾಬೇಸಿನ ಪ್ರತಿಕೃತಿ ಪ್ರವಾಹದೊಳಗೇ ಸೇರಿಸಿಬಿಟ್ಟರು. ಬದಲಾವಣೆ ಬಂದು ತಲುಪಿದ ಮೇಲಷ್ಟೇ ಅಳಿಸುವಿಕೆ ನಡೆಯುತ್ತದೆ. ಮುಂದೆ ಇದು ಪ್ರತಿ ಡೇಟಾಬೇಸಿನ ಪಕ್ಕ ಕುಳಿತು, ಅದರ ಕಮಿಟ್ ಲಾಗ್ ಓದುತ್ತಾ, ಅಳಿಸುವ ಆಜ್ಞೆಗಳನ್ನು ಹಂಚುವ ಪ್ರತ್ಯೇಕ ಕೆಲಸಗಾರನಾಗಿ ಬೆಳೆಯಿತು. ಹೀಗೆ ಹಂಚಿದ ಆಜ್ಞೆಗಳಲ್ಲಿ ನೂರಕ್ಕೆ ನಾಲ್ಕು ಮಾತ್ರ ನಿಜವಾಗಿ ಯಾವುದೋ ನಕಲನ್ನು ಅಳಿಸುತ್ತಿದ್ದವು. ಉಳಿದ 96 ಹೋಗಿ ನೋಡಿದಾಗ ಅಲ್ಲಿ ಏನೂ ಇರುತ್ತಿರಲಿಲ್ಲ. ದುಂದು ಎನಿಸುತ್ತದೆ. ಯಾವ ನಾಲ್ಕು ಎಂದು ಮೊದಲೇ ತಿಳಿಯುವ ದಾರಿಯಿಲ್ಲದಿರುವಾಗ ಇದೇ ಮಿತವ್ಯಯ.

ಜಾಗ ಸಾಲದಾದಾಗ

ಮೆಮೊರಿ ತುಂಬಿದಾಗ ಯಾರನ್ನು ಹೊರಹಾಕುವುದು ಎಂಬುದು ಎವಿಕ್ಷನ್ ನೀತಿ. ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಹೊರಹಾಕುವುದು ಅತ್ಯುತ್ತಮ ಎಂದು ಐಬಿಎಂನ ಲಾಸ್ಲೋ ಬೆಲಾಡಿ 1966ರಲ್ಲಿಯೇ ಹೇಳಿದ್ದರು. ಅದಕ್ಕೆ ಭವಿಷ್ಯ ಗೊತ್ತಿರಬೇಕು. ಗೊತ್ತಿಲ್ಲದವರು ಭೂತಕಾಲವನ್ನು ನೋಡಿ ಊಹಿಸುತ್ತಾರೆ. ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಹೊರಹಾಕುವ ಎಲ್‌ಆರ್‌ಯು ಅದರಲ್ಲಿ ಹೆಚ್ಚು ಬಳಕೆಯದು, ಕಡಿಮೆ ಸಲ ಕೇಳಿದ್ದನ್ನು ಹೊರಹಾಕುವ ಎಲ್‌ಎಫ್‌ಯು ಇನ್ನೊಂದು.

ಎಲ್‌ಆರ್‌ಯುಗೆ ಒಂದು ದೌರ್ಬಲ್ಯವಿದೆ. ನಡುರಾತ್ರಿ ಬ್ಯಾಕಪ್ ಕೆಲಸ ಇಡೀ ಕೋಷ್ಟಕವನ್ನು ಒಮ್ಮೆ ಓದುತ್ತದೆ. ಓದಿದ ಪ್ರತಿ ಪುಟವೂ ‘ಈಗಷ್ಟೇ ಕೇಳಿದ್ದು’ ಎಂಬ ಗೌರವದಿಂದ ಸಾಲಿನ ತುದಿಗೇರುತ್ತದೆ. ದಿನವಿಡೀ ಬೇಕಾಗುವ ಪುಟಗಳು ಹೊರಗೆ ಬೀಳುತ್ತವೆ. ಬೆಳಿಗ್ಗೆ ಬಳಕೆದಾರರು ಬರುವಾಗ ಕ್ಯಾಶ್ ತುಂಬಿಯೇ ಇರುತ್ತದೆ, ಅದರಲ್ಲಿರುವುದು ಯಾರಿಗೂ ಬೇಡದ್ದು. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಇದಕ್ಕೆಂದೇ ಹೊಸ ಪುಟವನ್ನು ಸಾಲಿನ ತುದಿಗೆ ಸೇರಿಸುವುದಿಲ್ಲ. ಬಾಲದ ಕಡೆಯ ಎಂಟರಲ್ಲಿ ಮೂರು ಪಾಲನ್ನು ‘ಹಳೆಯದು’ ಎಂದು ಬೇರ್ಪಡಿಸಿ, ಅದರ ತಲೆಯಲ್ಲಿ ಕೂರಿಸುತ್ತದೆ. ಒಂದು ಸೆಕೆಂಡು ಕಳೆದ ಮೇಲೂ ಯಾರಾದರೂ ಮತ್ತೆ ಕೇಳಿದರೆ ಮಾತ್ರ ಮೇಲಿನ ಪಾಲಿಗೆ ಬಡ್ತಿ. ಬ್ಯಾಕಪ್ ಒಂದು ಪುಟವನ್ನು ಓದಿ ಮುಗಿಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ, ಹಾಗಾಗಿ ಅದು ತಂದ ಪುಟಗಳು ಬಾಲದಲ್ಲೇ ಜಾರಿಹೋಗುತ್ತವೆ.

ಒಮ್ಮೆ ಮಾತ್ರ ಕೇಳುವ ವಸ್ತುಗಳು ನಾವು ಎಣಿಸುವುದಕ್ಕಿಂತ ಬಹಳ ಹೆಚ್ಚು. ಜಗತ್ತಿನಾದ್ಯಂತ ಸೈಟುಗಳ ನಕಲು ಇಟ್ಟುಕೊಳ್ಳುವ ಅಕಮಾಯ್ ತನ್ನ ಸರ್ವರುಗಳ ಒಂದು ಗುಂಪನ್ನು ನೋಡಿದಾಗ, ಅಲ್ಲಿಗೆ ಬಂದ ವಸ್ತುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಒಮ್ಮೆಯಷ್ಟೇ ಕೇಳಲಾಗಿತ್ತು. ಅವರು ಮೊದಲ ಸಲ ಕೇಳಿದ್ದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟರು. ಯಾವುದನ್ನು ಯಾರೋ ಕೇಳಿದ್ದರು ಎಂಬ ಗುರುತನ್ನಷ್ಟೇ ಸ್ವಲ್ಪ ಜಾಗದಲ್ಲಿ ಇಟ್ಟುಕೊಂಡು, ಎರಡನೇ ಸಲ ಕೇಳಿದಾಗ ನಕಲು ಮಾಡಿದರು. ಹೊರಹಾಕುವ ಜಾಣತನಕ್ಕಿಂತ ಒಳಗೆ ಬಿಡುವಾಗಿನ ಬಿಗಿಯೇ ಹೆಚ್ಚು ಉಳಿಸಿತು.

ಹೊರಹಾಕುವುದು ಬರೆಯುವ ಪದ್ಧತಿಗೂ ಗಂಟುಬಿದ್ದಿದೆ. ರೈಟ್ ಥ್ರೂನಲ್ಲಿ ಯಾವ ನಕಲನ್ನಾದರೂ ಕಣ್ಣು ಮುಚ್ಚಿ ಎಸೆಯಬಹುದು, ಮೂಲ ಇದ್ದೇ ಇದೆ. ರೈಟ್ ಬ್ಯಾಕ್‌ನಲ್ಲಿ ಡರ್ಟಿ ಪುಟವನ್ನು ಎಸೆಯುವ ಮೊದಲು ಡಿಸ್ಕಿಗೆ ಬರೆಯಬೇಕು. ಜಾಗಕ್ಕೆ ಅತಿ ಹೆಚ್ಚು ಒತ್ತಡ ಇರುವ ಹೊತ್ತಿನಲ್ಲೇ ಎಸೆಯುವ ಕೆಲಸ ನಿಧಾನವಾಗುತ್ತದೆ. ಲಿನಕ್ಸ್‌ನಲ್ಲಿ ಡರ್ಟಿ ಪುಟಗಳು ಮಿತಿ ಮೀರಿದಾಗ ಬರೆಯುತ್ತಿರುವ ಪ್ರೋಗ್ರಾಮುಗಳನ್ನೇ ತಡೆದು ನಿಲ್ಲಿಸುವುದು ಇದಕ್ಕೆ. ಅಲ್ಲಿಯವರೆಗೆ ಮಿಂಚಿನಂತೆ ಬರೆಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಏದುಸಿರು ಬಿಟ್ಟರೆ ಡಿಸ್ಕ್ ಕೆಟ್ಟಿತೆಂದು ಗಾಬರಿ ಬೀಳುವ ಮೊದಲು ಡರ್ಟಿ ಪುಟಗಳ ಎಣಿಕೆ ನೋಡಬೇಕು. ರೆಡಿಸ್ ಬಳಸುವವರಿಗೆ ಬೇರೆಯದೇ ಬಲೆ. ಮೆಮೊರಿಗೆ ಮಿತಿ ಹಾಕಿ ನೀತಿಯನ್ನು ಹೇಳದಿದ್ದರೆ ಅದರ ಸಹಜ ಆಯ್ಕೆ `noeviction`. ಮೆಮೊರಿ ತುಂಬಿದಾಗ ಹಳೆಯದನ್ನು ಎಸೆಯುವುದಿಲ್ಲ, ಹೊಸ ಬರಹವನ್ನೇ ನಿರಾಕರಿಸುತ್ತದೆ. ಕ್ಯಾಶ್ ಎಂದು ಬಳಸುವವರು ಎರಡು ಸಾಲು ಬರೆಯಬೇಕು:

```
maxmemory 4gb
maxmemory-policy allkeys-lru
```

ಇಲ್ಲಿ ಕಡಿಮೆ ಮಾತಿಗೆ ಬರುವ ಇನ್ನೊಂದು ಸಂಗತಿಯಿದೆ. ಕ್ಯಾಶ್ ಚಿಕ್ಕದಾಗಿರುವಾಗ ಹಳಸಿದ ನಕಲುಗಳು ಜಾಗದ ಒತ್ತಡಕ್ಕೇ ಬೇಗ ಹೊರಬೀಳುತ್ತವೆ. ಅಳಿಸುವಿಕೆಯಲ್ಲಿ ಇರುವ ದೋಷ ಕಣ್ಣಿಗೆ ಬೀಳುವ ಮೊದಲೇ ಅದರ ಸಾಕ್ಷ್ಯ ಕಸದ ಬುಟ್ಟಿ ಸೇರಿರುತ್ತದೆ. ಒಂದು ದಿನ ಯಾರೋ ಮೆಮೊರಿಯನ್ನು 4 ಗಿಗಾಬೈಟಿನಿಂದ 16ಕ್ಕೆ ಏರಿಸುತ್ತಾರೆ. ಹಿಟ್ ಪ್ರಮಾಣ ಏರುತ್ತದೆ, ಎಲ್ಲರಿಗೂ ಖುಷಿ. ಅದೇ ವಾರ ‘ಹಳೆಯ ಮಾಹಿತಿ ತೋರಿಸುತ್ತಿದೆ’ ಎಂಬ ದೂರುಗಳು ಶುರುವಾಗುತ್ತವೆ. ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ಹಿಟ್ ಪ್ರಮಾಣವನ್ನು ಎಲ್ಲರೂ ಅಳೆಯುತ್ತಾರೆ, ಹಿಟ್ ಆದದ್ದು ಸರಿಯಿತ್ತೇ ಎಂದು ಅಳೆಯುವವರು ಕಡಿಮೆ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಇದಕ್ಕೆಂದು ಕಟ್ಟಿದ ಪೋಲಾರಿಸ್ ಎಂಬ ಏರ್ಪಾಡಿನ ವಿವರವನ್ನು 2022ರಲ್ಲಿ ಪ್ರಕಟಿಸಿತು. ಪೋಲಾರಿಸ್ ತಾನೂ ಒಂದು ಕ್ಯಾಶ್ ಸರ್ವರ್ ಎಂದು ನಟಿಸುತ್ತಾ ಅಳಿಸುವ ಸಂದೇಶಗಳನ್ನು ಪಡೆಯುತ್ತದೆ. ‘ಈ ಅಂಶ ಈಗ ನಾಲ್ಕನೇ ಆವೃತ್ತಿ’ ಎಂಬ ಸಂದೇಶ ಬಂದರೆ, ಉಳಿದ ಕ್ಯಾಶ್‌ಗಳಿಗೆ ಹೋಗಿ ಸಾಮಾನ್ಯ ಗಿರಾಕಿಯಂತೆ ಅದೇ ಅಂಶವನ್ನು ಕೇಳುತ್ತದೆ. ಮೂರನೆಯದು ಸಿಕ್ಕರೆ ಗುರುತು ಹಾಕಿಕೊಂಡು, ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುತ್ತದೆ. ಪ್ರತಿ ಸಲವೂ ಡೇಟಾಬೇಸನ್ನು ಕೇಳಿ ಹೋಲಿಸಿದರೆ ಹೊರೆ ತಾಳದು, ಹಾಗಾಗಿ ಅಸಂಗತಿ ಇಷ್ಟು ಹೊತ್ತು ಉಳಿದರೆ ಮಾತ್ರ ಅಲ್ಲಿಗೆ ಹೋಗುತ್ತದೆ. ಟಾವೊದಲ್ಲಿ ಹತ್ತು ಲಕ್ಷಕ್ಕೆ ಒಂದು ಬರಹ ಅಸಂಗತವಾಗಿ ಉಳಿಯುತ್ತಿದ್ದುದನ್ನು ಸಾವಿರ ಕೋಟಿಗೆ ಒಂದಕ್ಕೆ ಇಳಿಸಿದೆವು ಎಂದು ಅವರು ಬರೆದಿದ್ದಾರೆ.

ಹೀಗೆ ಸಿಕ್ಕಿಬಿದ್ದ ಒಂದು ದೋಷದ ಕಥೆಯೂ ಅದರಲ್ಲಿದೆ. ಅಪರೂಪದ ಒಂದು ಗಳಿಗೆಯಲ್ಲಿ ಕ್ಯಾಶ್‌ನಲ್ಲಿದ್ದ ಅಂಶವೊಂದರ ಆವೃತ್ತಿ ಸಂಖ್ಯೆ ಹೊಸದು, ಒಳಗಿನ ಮಾಹಿತಿ ಹಳೆಯದು ಎಂಬ ಸ್ಥಿತಿ ಬಂತು. ಅದೇ ಹೊತ್ತಿಗೆ ಅದನ್ನು ತಿದ್ದಬೇಕಿದ್ದ ಅಳಿಸುವಿಕೆ ವಿಫಲವಾಗಿ, ದೋಷ ಸಂಭಾಳಿಸುವ ಕೋಡ್ ಓಡಿತು. ‘ಈ ಆವೃತ್ತಿಗಿಂತ ಹಳೆಯದಾಗಿದ್ದರೆ ಎಸೆ’ ಎಂಬುದು ಅದಕ್ಕಿದ್ದ ಆದೇಶ. ಅದು ಸಂಖ್ಯೆಯನ್ನು ನೋಡಿತು, ಹೊಸದೇ ಇತ್ತು, ಎಸೆಯದೆ ಮುಂದೆ ಹೋಯಿತು. ಆ ಹಳೆಯ ಮಾಹಿತಿ ಅನಿರ್ದಿಷ್ಟ ಕಾಲ ಅಲ್ಲಿಯೇ ಕೂತಿತು. ಪ್ರತಿ ಬದಲಾವಣೆಯ ನಂತರದ ಸಣ್ಣ ಅವಧಿಯಲ್ಲಿ ಕ್ಯಾಶ್ ಏನೇನು ಮಾಡಿತೆಂದು ಬರೆದಿಡುವ ಏರ್ಪಾಡು ಇದ್ದುದರಿಂದ, ಆ ದಿನ ಕರ್ತವ್ಯದಲ್ಲಿದ್ದ ಎಂಜಿನಿಯರಿಗೆ ಕಾರಣ ಅರ್ಧ ಗಂಟೆಯೊಳಗೆ ಸಿಕ್ಕಿತು.